ಟೊಮೆಟೊ ದರದ ಸುದ್ದಿಗೆ ಮಳೆ ಎಲ್ಲಿಂದ ಬಂತು?

ಎಐ ಬರೆದ ಸುದ್ದಿಯಲ್ಲಿ ತಪ್ಪಿದ್ದರೆ ಭಾಷೆಯಲ್ಲೇ ಗೊತ್ತಾಗಿಬಿಡುತ್ತದೆ ಎಂದು ಸುಮಾರು ಜನ ನಂಬಿದ್ದಾರೆ. ಈ ನಂಬಿಕೆಯೇ ಅಪಾಯ. ಕನ್ನಡ ಚೆನ್ನಾಗಿದ್ದಷ್ಟೂ ತಪ್ಪು ಕಣ್ಣಿಗೆ ಬೀಳುವುದು ಕಷ್ಟ.

ಕೋಲಾರದ ಎಪಿಎಂಸಿಯನ್ನೇ ನೋಡೋಣ. ಅಲ್ಲಿ ಟೊಮೆಟೊ ಹರಾಜಾಗುವುದು 15 ಕೆ.ಜಿ. ಬಾಕ್ಸ್ ಲೆಕ್ಕದಲ್ಲಿ. ವರದಿಗಾರ ಡೆಸ್ಕಿಗೆ ಇಷ್ಟೇ ಕಳಿಸಿದ್ದಾನೆ ಎಂದುಕೊಳ್ಳಿ: “ಟೊಮೆಟೊ, 15 ಕೆ.ಜಿ. ಬಾಕ್ಸ್, ಕನಿಷ್ಠ 150, ಗರಿಷ್ಠ 480.” ಇದನ್ನು ಎಐಗೆ ಹಾಕಿ ಸುದ್ದಿ ಮಾಡಿಕೊಡು ಅಂದರೆ ಇಂಥದ್ದು ಬರಬಹುದು: “ಸತತ ಮಳೆಯಿಂದಾಗಿ ಕೋಲಾರ ಮಾರುಕಟ್ಟೆಯಲ್ಲಿ ಟೊಮೆಟೊ ದರ ಕುಸಿದಿದೆ. ಬಾಕ್ಸ್‌ಗೆ ಸರಾಸರಿ 315 ರೂಪಾಯಿ ಸಿಗುತ್ತಿದ್ದು, ಬೆಳೆಗಾರರು ಕಂಗಾಲಾಗಿದ್ದಾರೆ.”

ಓದಲು ಸರಾಗವಾಗಿದೆ, ಅಲ್ವಾ? ಈಗ ವರದಿಗಾರನ ಸಾಲು ಪಕ್ಕದಲ್ಲಿಟ್ಟು ನೋಡಿ. ಮಳೆಯ ಮಾತು ಅದರಲ್ಲಿಲ್ಲ. ನಿನ್ನೆಯ ದರವೂ ಇಲ್ಲ, ಹಾಗಾಗಿ ಕುಸಿತ ಎನ್ನಲು ಆಧಾರವಿಲ್ಲ. ಬೆಳೆಗಾರರನ್ನು ಯಾರೂ ಮಾತನಾಡಿಸಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಆ 315. ಅದು 150 ಮತ್ತು 480ರ ನಟ್ಟನಡುವಿನ ಸಂಖ್ಯೆ, ಸರಾಸರಿ ಅಲ್ಲ. ಆ ದಿನ ನೂರು ಬಾಕ್ಸ್ ಮಾರಾಟವಾಗಿ, ಹತ್ತಕ್ಕೆ 480, ಹತ್ತಕ್ಕೆ 150, ಉಳಿದ ಎಂಬತ್ತಕ್ಕೆ 250 ಸಿಕ್ಕಿದ್ದರೆ ನಿಜವಾದ ಸರಾಸರಿ 263 ರೂಪಾಯಿ. ಹೆಚ್ಚಿನವರ ಕೈಗೆ ಬಂದದ್ದು 250. ಗರಿಷ್ಠ ದರ ಒಳ್ಳೇ ಬಣ್ಣದ, ಗಟ್ಟಿ ಹಣ್ಣಿನ ಕೆಲವೇ ಲಾಟ್‌ಗೆ ಸಿಗುವಂಥದ್ದು. ಮುಳಬಾಗಿಲಿನ ರೈತರೊಬ್ಬರು 315 ಓದಿ 200 ಬಾಕ್ಸ್ ತಂದು, 250ಕ್ಕೆ ಮಾರಿ ಹೋದರೆ ಅವರ ಲೆಕ್ಕ 13,000 ರೂಪಾಯಿ ತಪ್ಪುತ್ತದೆ. ಎಷ್ಟು ಬಾಕ್ಸ್ ಯಾವ ದರಕ್ಕೆ ಹೋಯಿತು ಎಂದು ಮಂಡಿಯವರನ್ನು ಕೇಳದೆ ಸರಾಸರಿ ಬರೆಯಲು ಬರುವುದೇ ಇಲ್ಲ.

ಯಂತ್ರ ಹೀಗೇಕೆ ಮಾಡುತ್ತದೆ? ಅದು ಸುಳ್ಳು ಹೇಳಬೇಕೆಂದು ಹೊರಟಿಲ್ಲ. “ಕೈ ಕೆಸರಾದರೆ” ಅಂದ ಕೂಡಲೇ ನಮ್ಮ ಬಾಯಿಗೆ “ಬಾಯಿ ಮೊಸರು” ತಾನಾಗೇ ಬರುತ್ತದಲ್ಲ, ಅದರ ಕೆಲಸವೂ ಹಾಗೇ. ರಾಶಿ ರಾಶಿ ಪಠ್ಯ ಓದಿ, ಯಾವ ಪದದ ನಂತರ ಯಾವುದು ಬರುವ ಸಾಧ್ಯತೆ ಜಾಸ್ತಿ ಎಂದು ಅದು ಕಲಿತಿರುತ್ತದೆ. ದರದ ಸುದ್ದಿಗಳಲ್ಲಿ ಕಾರಣ ಇದ್ದೇ ಇರುತ್ತದೆ, ಕಾರಣ ಹೆಚ್ಚಾಗಿ ಮಳೆಯೇ ಆಗಿರುತ್ತದೆ. ಹಾಗಾಗಿ ಮಳೆ ಬಂತು. ಕೋಲಾರದ ಆಕಾಶವನ್ನು ಅದು ನೋಡಿಲ್ಲ.

ಹಳೆಯ ತಂತ್ರಾಂಶಗಳಿಗೆ ಈ ರೋಗ ಇರಲಿಲ್ಲ. ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ 2014ರಲ್ಲೇ ಕಂಪನಿಗಳ ತ್ರೈಮಾಸಿಕ ಲಾಭ–ನಷ್ಟದ ಸುದ್ದಿಗಳನ್ನು ಯಂತ್ರದಿಂದ ಬರೆಸಲು ಶುರು ಮಾಡಿತು. ಅದು ಅಚ್ಚು ಹಾಕಿದ ವಾಕ್ಯ, ಖಾಲಿ ಜಾಗಕ್ಕೆ ಅಂಕಿ ತುಂಬುವ ಕೆಲಸ ಅಷ್ಟೇ. ಕೊಟ್ಟ ಅಂಕಿ ತಪ್ಪಿದ್ದರೆ ಸುದ್ದಿ ತಪ್ಪುತ್ತಿತ್ತು ನಿಜ, ಆದರೆ ಇಲ್ಲದ ಕಾರಣವನ್ನು ಅದು ತಾನೇ ಹುಟ್ಟಿಸುತ್ತಿರಲಿಲ್ಲ.

ಈಗಿನ ಯಂತ್ರ ಹೇಗೆ ಜಾರುತ್ತದೆ ಎಂಬುದಕ್ಕೆ ಸಿನೆಟ್ ಎಂಬ ಅಮೆರಿಕದ ತಂತ್ರಜ್ಞಾನ ಸುದ್ದಿಯ ಜಾಲತಾಣ ಸಾಕ್ಷಿ. ಅದು 2022ರ ನವೆಂಬರಿನಿಂದ ಹಣಕಾಸಿನ 77 ಲೇಖನಗಳನ್ನು ಎಐ ಸಹಾಯದಿಂದ ಬರೆಸಿತು. 10,000 ಡಾಲರ್ ಅನ್ನು ಶೇ 3ರ ಬಡ್ಡಿಗೆ ಇಟ್ಟರೆ ವರ್ಷದ ಕೊನೆಗೆ 10,300 ಡಾಲರ್ ಗಳಿಸುತ್ತೀರಿ ಎಂದು ಒಂದರಲ್ಲಿ ಬರೆದಿತ್ತು. ಗಳಿಕೆ ಬರೀ 300, ಉಳಿದದ್ದು ಇಟ್ಟ ಅಸಲು. ಕೊನೆಗೆ 41 ಲೇಖನಗಳಿಗೆ ತಿದ್ದುಪಡಿ ಹಾಕಬೇಕಾಯಿತು. ಬರೆದವರ ಹೆಸರು ಹಾಕುವ ಬೈಲೈನಿನಲ್ಲಿ ಇದ್ದದ್ದು ಸಿಬ್ಬಂದಿ ಎಂಬ ಅರ್ಥದ ಹೆಸರು. ಎಐ ಬಳಸಿದ ವಿಷಯ ತಿಳಿಯಬೇಕಿದ್ದರೆ ಆ ಹೆಸರಿನ ಮೇಲೆ ಕ್ಲಿಕ್ ಮಾಡಬೇಕಿತ್ತು. ಇದನ್ನು ಬಹಿರಂಗಪಡಿಸುವುದು ಎನ್ನಲು ನನಗೆ ಮನಸ್ಸಿಲ್ಲ.

ಇನ್ನು ಬರೆದವರು ಯಾರು ಎಂಬ ಪ್ರಶ್ನೆ. ನಮ್ಮ ಕೃತಿಸ್ವಾಮ್ಯ ಕಾಯ್ದೆ 1994ರ ತಿದ್ದುಪಡಿಯಲ್ಲೇ, ಕಂಪ್ಯೂಟರ್ ರಚಿಸಿದ ಕೃತಿಗೆ ಅದನ್ನು ರಚಿಸಲು ಕಾರಣನಾದ ವ್ಯಕ್ತಿಯೇ ಕರ್ತೃ ಎಂದಿದೆ. ಇಂಥ ಚಾಟ್ ಯಂತ್ರಗಳನ್ನು ಮನಸ್ಸಿನಲ್ಲಿಟ್ಟು ಬರೆದ ಮಾತಲ್ಲ ಅದು. ವಾಕ್ಯಕ್ಕೆ ಹಕ್ಕುದಾರ ಯಾರೆಂಬ ಜಗಳ ವಕೀಲರಿಗಿರಲಿ. ಓದುವವರಿಗೆ ಬೇಕಾದದ್ದು ಆ 315ಕ್ಕೆ ಯಾರು ಹೊಣೆ ಎಂಬುದು.

ಡೆಸ್ಕಿನಲ್ಲಿ ಇದನ್ನು ಹಿಡಿಯುವ ದಾರಿ ಸರಳ. ಪ್ರತಿ ಅಂಕಿ, ಪ್ರತಿ “ಇಂದಾಗಿ”, ಪ್ರತಿ “ಏರಿಕೆ–ಇಳಿಕೆ” ಕೆಳಗೆ ಗೆರೆ ಎಳೆದು, ವರದಿಗಾರನ ಟಿಪ್ಪಣಿಯಲ್ಲಿ ಅದರ ಮೂಲ ಹುಡುಕಬೇಕು. ಸಿಗದಿದ್ದರೆ ಫೋನ್ ಮಾಡಿ ಕೇಳಬೇಕು, ಇಲ್ಲವೇ ಹೊಡೆದುಹಾಕಬೇಕು. ಅದೇ ಯಂತ್ರಕ್ಕೆ “ಸರಿ ಇದೆಯಾ ನೋಡು” ಎಂದು ಬಿಟ್ಟು ಸುಮ್ನೆ ಕೂತರೆ ಆಗುವುದಿಲ್ಲ, ಮಂಡಿಯ ದರ ಅದಕ್ಕೂ ಗೊತ್ತಿರುವುದಿಲ್ಲ. ಸುದ್ದಿಯ ಕೆಳಗೆ “ಎಐ ಬಳಸಲಾಗಿದೆ” ಎಂದಷ್ಟೇ ಹಾಕಿದರೂ ಸಾಲದು. “ಎಪಿಎಂಸಿ ದರದ ಟಿಪ್ಪಣಿಯಿಂದ ಎಐ ಸಹಾಯದಲ್ಲಿ ಸಿದ್ಧಪಡಿಸಿದ ಸುದ್ದಿ” ಎಂಬ ಸಾಲು, ಅದರ ಪಕ್ಕದಲ್ಲೇ ಅಂಕಿಗಳನ್ನು ನೋಡಿದ ಉಪಸಂಪಾದಕರ ಹೆಸರು, ಎರಡೂ ಇರಬೇಕು.