ಸಾಹಿತ್ಯ ಸಮೀಕ್ಷೆಯನ್ನು ಇಸವಿಯ ಪ್ರಕಾರ ಬರೆದರೆ ಸಾಕೇ?

ಪ್ರಶ್ನೆ: ಆರ್ಥಿಕ ಒಳಗೊಳ್ಳುವಿಕೆ ಮತ್ತು ಗ್ರಾಮೀಣ ಕುಟುಂಬಗಳ ಆದಾಯದ ಬಗ್ಗೆ ಟರ್ಮ್ ಪೇಪರ್ ಬರೆಯುತ್ತಿದ್ದೇನೆ. ಓದಿದ ಅಧ್ಯಯನಗಳನ್ನು ಇಸವಿಯ ಪ್ರಕಾರ ಜೋಡಿಸಿ, ಒಂದೊಂದಕ್ಕೆ ಒಂದೊಂದು ಪ್ಯಾರಾ ಬರೆದರೆ ಸಾಕಲ್ಲವೇ?

ಉತ್ತರ: ಸಾಲದು. ಇದೇ ಉತ್ತರವನ್ನು ಎಷ್ಟು ಸಲ ಕೊಟ್ಟಿದ್ದೇನೋ ಲೆಕ್ಕವಿಲ್ಲ, ಆದರೂ ಮುಂದೆ ಬರುವ ಪೇಪರ್‌ಗಳಲ್ಲೂ ಅದೇ ಪ್ಯಾರಾಗಳ ಸಾಲು ಇರುತ್ತದೆ. ಇಸವಿಯ ಕ್ರಮ ನೋಡಲು ಅಚ್ಚುಕಟ್ಟು. ಆದರೆ ಈ ವಿಷಯದಲ್ಲಿ ಅದು ಓದುಗರನ್ನು ನೇರವಾಗಿ ತಪ್ಪು ತೀರ್ಮಾನಕ್ಕೆ ಒಯ್ಯುತ್ತದೆ. ಹೇಗೆಂದು ಮೂರೇ ಅಧ್ಯಯನ ಇಟ್ಟುಕೊಂಡು ನೋಡೋಣ.

2005ರಲ್ಲಿ ರಾಬಿನ್ ಬರ್ಗೆಸ್ ಮತ್ತು ರೋಹಿಣಿ ಪಾಂಡೆ ಭಾರತದ ಗ್ರಾಮೀಣ ಬ್ಯಾಂಕ್ ಶಾಖೆಗಳ ವಿಸ್ತರಣೆಯಿಂದ ಹಳ್ಳಿಗಳ ಬಡತನ ಇಳಿಯಿತು ಎಂದು ತೋರಿಸಿದರು. 2015ರಲ್ಲಿ ಬ್ರೂನೋ ಕ್ರೆಪಾನ್, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಮೊರಾಕೊದ ಹಳ್ಳಿಗಳಲ್ಲಿ ಕಿರುಸಾಲದಿಂದ ಒಟ್ಟು ಆದಾಯ ಹೆಚ್ಚಲಿಲ್ಲ ಎಂದರು. 2018ರಲ್ಲಿ ಪಾಸ್ಕಲೀನ್ ಡ್ಯೂಪಾ ಮತ್ತು ಸಂಗಡಿಗರು ಉಗಾಂಡ, ಮಲಾವಿ, ಚಿಲಿಗಳಲ್ಲಿ ಸರಳ ಬ್ಯಾಂಕ್ ಖಾತೆ ತೆರೆಸಿಕೊಟ್ಟರೂ ಉಳಿತಾಯದ ಮೇಲಾಗಲಿ ಜೀವನಮಟ್ಟದ ಮೇಲಾಗಲಿ ಸ್ಪಷ್ಟ ಪರಿಣಾಮ ಕಾಣಲಿಲ್ಲ ಎಂದರು. ಇವನ್ನು ಇಸವಿಯ ಕ್ರಮದಲ್ಲಿ ಓದಿದವರಿಗೆ "ಮೊದಲು ಲಾಭವಿತ್ತು, ಬರಬರುತ್ತಾ ಇಲ್ಲವಾಯಿತು" ಎಂದೇ ಅನಿಸುತ್ತದೆ. ನೀವೂ ಕೊನೆಗೆ "ಫಲಿತಾಂಶಗಳು ಮಿಶ್ರವಾಗಿವೆ" ಎಂದು ಬರೆದು ಕೈತೊಳೆದುಕೊಳ್ಳುತ್ತೀರಿ.

ನಿಜದಲ್ಲಿ ಇವು ಒಂದನ್ನೊಂದು ಅಲ್ಲಗಳೆಯುವುದಿಲ್ಲ, ಮೂರೂ ಅಳೆದದ್ದು ಬೇರೆ ಬೇರೆ ಸಂಗತಿಗಳನ್ನು. ಭಾರತದಲ್ಲಿ ಬಂದದ್ದು ಪೂರ್ತಿ ಶಾಖೆ, ಅಂದರೆ ಠೇವಣಿ ಮತ್ತು ಸಾಲ ಎರಡೂ. ಅದು ಬಂದದ್ದು 1977ರಿಂದ 1990ರವರೆಗೆ ಜಾರಿಯಲ್ಲಿದ್ದ ಒಂದು ನಿಯಮದ ಒತ್ತಡದಿಂದ: ಆಗಲೇ ಬ್ಯಾಂಕ್ ಇರುವ ಊರಿನಲ್ಲಿ ಒಂದು ಶಾಖೆ ಬೇಕೆಂದರೆ, ಬ್ಯಾಂಕೇ ಇಲ್ಲದ ಕಡೆ ನಾಲ್ಕು ತೆರೆಯಬೇಕಿತ್ತು. ಫಲಿತಾಂಶವನ್ನು ಅಳೆದದ್ದೂ ರಾಜ್ಯಮಟ್ಟದಲ್ಲಿ. ಮೊರಾಕೊದಲ್ಲಿ ಸಿಕ್ಕಿದ್ದು ಸಾಲ ಮಾತ್ರ. ಡ್ಯೂಪಾ ತಂಡ ಕೊಟ್ಟದ್ದು ಖಾತೆ ಮಾತ್ರ, ಮತ್ತು ಅದನ್ನು ಬಳಸಿದವರೇ ಕಡಿಮೆ. ಎರಡು ವರ್ಷದಲ್ಲಿ ಐದು ಸಲವಾದರೂ ಹಣ ಕಟ್ಟಿದವರು ಉಗಾಂಡದಲ್ಲಿ 17%, ಮಲಾವಿಯಲ್ಲಿ 10%, ಚಿಲಿಯಲ್ಲಿ 3%.

ಆದ್ದರಿಂದ ಉಪಶೀರ್ಷಿಕೆಗಳು ಹುಟ್ಟಬೇಕಾದ್ದು "ಕುಟುಂಬಕ್ಕೆ ಏನು ಸಿಕ್ಕಿತು" ಎಂಬ ಪ್ರಶ್ನೆಯಿಂದ: ಶಾಖೆಯೇ, ಖಾತೆಯೇ, ಸಾಲವೇ, ಮೊಬೈಲ್ ಹಣವೇ, ವಿಮೆಯೇ. ಒಂದೊಂದು ಉಪಶೀರ್ಷಿಕೆಯೊಳಗೆ ಅಧ್ಯಯನಗಳು ಪರಸ್ಪರ ಮಾತಾಡಬೇಕು. ಪ್ಯಾರಾದ ಮೊದಲ ವಾಕ್ಯದ ಕರ್ತೃ ಯಾರು ಎಂದು ನೋಡಿದರೆ ನಿಮ್ಮ ಸಮೀಕ್ಷೆಯ ಸ್ಥಿತಿ ನಿಮಗೇ ಗೊತ್ತಾಗುತ್ತದೆ. ಎಲ್ಲ ಪ್ಯಾರಾಗಳೂ "ಕ್ರೆಪಾನ್ ಅವರು...", "ಡ್ಯೂಪಾ ಅವರು..." ಎಂದು ಶುರುವಾದರೆ ಅದು ಇನ್ನೂ ಪಟ್ಟಿಯೇ. "ಖಾತೆ ತೆರೆಯುವುದು ಬೇರೆ, ಬಳಸುವುದು ಬೇರೆ" ಎಂದು ಶುರುವಾದ ಪ್ಯಾರಾದಲ್ಲಿ ಲೇಖಕರ ಹೆಸರುಗಳು ತಾವಾಗಿಯೇ ತಮ್ಮ ಜಾಗದಲ್ಲಿ ಬಂದು ಕೂರುತ್ತವೆ.

ಪ್ರತಿ ಉಪಶೀರ್ಷಿಕೆಯೊಳಗೆ ಇನ್ನೊಂದು ಗೆರೆ ಎಳೆಯಬೇಕು. ಒಂದೇ ಸರ್ವೆಯಲ್ಲಿ ಖಾತೆ ಇರುವವರನ್ನೂ ಇಲ್ಲದವರನ್ನೂ ಹೋಲಿಸಿದ ಅಧ್ಯಯನಗಳು ಒಂದು ಕಡೆ, ಸೇವೆ ಯಾರಿಗೆ ಸಿಗಬೇಕೆಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದ ಪ್ರಯೋಗಗಳು ಇನ್ನೊಂದು ಕಡೆ. ಆದಾಯ ಚೆನ್ನಾಗಿರುವವರೇ ಮೊದಲು ಖಾತೆ ತೆರೆಯುತ್ತಾರೆ. ಹಾಗಾಗಿ ಮೊದಲ ಗುಂಪು ತೋರಿಸುವ ಅಂತರವೆಲ್ಲ ಬ್ಯಾಂಕಿನ ಕೊಡುಗೆಯಲ್ಲ.

ನೀವು ಕೇಳಿಲ್ಲ, ಆದರೂ ಹೇಳಬೇಕು: ಆ "ಆದಾಯ" ಯಾವುದು? ಬರ್ಗೆಸ್ ಮತ್ತು ಪಾಂಡೆ ನೋಡಿದ್ದು ಬಡತನದ ಪ್ರಮಾಣವನ್ನು, ಕುಟುಂಬದ ಆದಾಯವನ್ನಲ್ಲ. ಭಾರತದಲ್ಲಿ ಬಡತನವನ್ನು ಲೆಕ್ಕ ಹಾಕುತ್ತಿದ್ದದ್ದು ಖರ್ಚಿನಿಂದ. ಬೇಸಾಯದ ಮನೆಯಲ್ಲಿ ಇವೆರಡೂ ಒಂದೇ ಅಲ್ಲ. ಆದಾಯ ಕೊಯ್ಲಿನ ಹೊತ್ತಿಗೆ ಒಟ್ಟಿಗೆ ಬರುತ್ತದೆ, ಖರ್ಚು ವರ್ಷಪೂರ್ತಿ ಹರಡಿರುತ್ತದೆ, ಮನೆಗೇ ಇಟ್ಟುಕೊಂಡ ಧಾನ್ಯಕ್ಕೆ ಬೆಲೆ ಕಟ್ಟುವ ತೊಡಕು ಬೇರೆ. ಮೊರಾಕೊದ ಅಧ್ಯಯನ ನನಗೆ ಅಚ್ಚುಮೆಚ್ಚಾಗಿರುವುದು ಇದಕ್ಕೇ, ಅದು ಆದಾಯವನ್ನು ಬಿಡಿಸಿ ನೋಡಿತು. ಸಾಲದಿಂದ ಸ್ವಂತ ಕಸುಬಿನ ಲಾಭ ಏರಿತ್ತು, ಆದರೆ ಕೂಲಿಯ ಗಳಿಕೆ ಇಳಿದಿತ್ತು, ಜನ ಹೊರಗಿನ ಕೆಲಸ ಕಡಿಮೆ ಮಾಡಿದ್ದರು. ಒಟ್ಟು ಮೊತ್ತ ಮಾತ್ರ ಬರೆದುಕೊಂಡವರಿಗೆ "ಪರಿಣಾಮವಿಲ್ಲ" ಎಂದಷ್ಟೇ ಕಾಣುತ್ತದೆ.

ಬರೆಯುವ ಮೊದಲು ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿ: ಏನು ಸಿಕ್ಕಿತು, ಯಾರಿಗೆ, ಹೇಗೆ ಹೋಲಿಸಿದರು, ಏನನ್ನು ಅಳೆದರು. ಓದಿದ ಪ್ರತಿ ಅಧ್ಯಯನಕ್ಕೂ ಒಂದು ಸಾಲು. ನಾಲ್ಕನೆಯ ಕಾಲಂನಲ್ಲಿ ಆದಾಯ, ಖರ್ಚು, ಬಡತನ ಎಂದು ಬೇರೆ ಬೇರೆಯಾಗಿಯೇ ಬರೆಯಿರಿ. ಖಾತೆಯ ಗುಂಪಿನಲ್ಲಿ ಕೂಲಿಯನ್ನೂ ಕಸುಬಿನ ಲಾಭವನ್ನೂ ಬಿಡಿಸಿ ಅಳೆದ ಅಧ್ಯಯನ ನಿಮಗೆ ಒಂದೂ ಸಿಗದಿದ್ದರೆ, ನಿಮ್ಮ ಪೇಪರ್ ಕೇಳಬೇಕಾದ ಪ್ರಶ್ನೆ ಅಲ್ಲೇ ಇದೆ.