ಸ್ಟಾಪ್‌ಲಾಸ್: ಟ್ರಿಗರ್ ಬೆಲೆಗೇ ಮಾರಾಟ ಆಗುತ್ತಾ?

ಷೇರು ಮಾರುವಾಗ ಮಾರ್ಕೆಟ್ ಆರ್ಡರ್ ಹಾಕಿದರೆ, "ಈಗ ಕೊಳ್ಳುವವರು ಏನು ಕೊಡ್ತಾರೋ ಆ ಬೆಲೆಗೆ ಮಾರಿಬಿಡಿ" ಎಂದಂತೆ. ಲಿಮಿಟ್ ಆರ್ಡರ್ ಹಾಕಿದರೆ, "ಇದಕ್ಕಿಂತ ಕಡಿಮೆಗೆ ಬೇಡ" ಎಂದಂತೆ. ಮೊದಲನೆಯದರಲ್ಲಿ ಬೆಲೆ ನಮ್ಮ ಕೈಯಲ್ಲಿರಲ್ಲ. ಎರಡನೆಯದರಲ್ಲಿ ಮಾರಾಟ ಆಗುತ್ತೋ ಇಲ್ವೋ ಗೊತ್ತಿರಲ್ಲ.

ಬೆಲೆ ಬಿದ್ದಾಗ ನಷ್ಟ ಇನ್ನೂ ಹೆಚ್ಚಾಗದಿರಲಿ ಎಂದು ಮೊದಲೇ ಹಾಕಿಡುವ ಮಾರಾಟದ ಆರ್ಡರ್ ಆದ ಸ್ಟಾಪ್‌ಲಾಸ್ ಇವೆರಡಕ್ಕಿಂತ ಬೇರೆ ಏನೂ ಅಲ್ಲ. ಟ್ರಿಗರ್ ಬೆಲೆ ಬರುವ ತನಕ ಆರ್ಡರ್ ಸುಮ್ನೆ ಕಾಯುತ್ತದೆ. ಆ ಬೆಲೆಗೆ ಒಂದೇ ಒಂದು ಷೇರು ಕೈ ಬದಲಾಯಿಸಿದರೂ ಸಾಕು, ಎದ್ದು ಮಾರುಕಟ್ಟೆಗೆ ಹೋಗುತ್ತದೆ. SL-M ಆಗಿದ್ದರೆ ಮಾರ್ಕೆಟ್ ಆರ್ಡರ್ ಆಗಿ, SL ಆಗಿದ್ದರೆ ಲಿಮಿಟ್ ಆರ್ಡರ್ ಆಗಿ. ಟ್ರಿಗರ್ ಎಂದರೆ ಆರ್ಡರ್ ಏಳುವ ಬೆಲೆ, ಮಾರಾಟವಾಗುವ ಬೆಲೆಯಲ್ಲ. ಹೆಚ್ಚಿನವರು ಎಡವುವುದು ಇಲ್ಲೇ.

ಒಂದು ಲೆಕ್ಕ ನೋಡೋಣ. ನಿಮ್ಮ ಹತ್ತಿರ 500 ಷೇರು ಇವೆ, 480 ರೂಪಾಯಿಗೆ SL-M ಹಾಕಿದ್ದೀರಿ. ಮಧ್ಯಾಹ್ನ ಕೆಟ್ಟ ಸುದ್ದಿಯೊಂದು ಬಂದು ಬೆಲೆ 480 ಮುಟ್ಟಿತು. ಆ ಕ್ಷಣದಲ್ಲಿ 479.50ಕ್ಕೆ 100, 478ಕ್ಕೆ 50, 471ಕ್ಕೆ 150, 462ಕ್ಕೆ 200 ಷೇರು ಕೊಳ್ಳುವವರಿದ್ದಾರೆ, ನಡುವೆ ಯಾರೂ ಇಲ್ಲ. ನಿಮ್ಮ ಆರ್ಡರ್ ಮೇಲಿನಿಂದ ಒಬ್ಬೊಬ್ಬರಿಗೇ ಮಾರುತ್ತಾ 462ರ ತನಕ ಇಳಿಯುತ್ತದೆ. ಸರಾಸರಿ ಸಿಕ್ಕಿದ್ದು 469.80. ಅಂದುಕೊಂಡದ್ದಕ್ಕಿಂತ 5,100 ರೂಪಾಯಿ ಕಡಿಮೆ. ಅದೇ ಹೊತ್ತಿಗೆ ಬೇರೆಯವರ ಸ್ಟಾಪ್‌ಲಾಸ್‌ಗಳೂ ಎದ್ದಿದ್ದರೆ ಮೇಲಿನ ಕೊಳ್ಳುಗರು ಅವರಿಗೇ ಮುಗಿದುಹೋಗಿ, ನಿಮ್ಮದು ಇನ್ನೂ ಕೆಳಗೆ ಮಾರಾಟವಾಗಬಹುದು.

ಇದರ ಬದಲು SL ಹಾಕಿ, ಟ್ರಿಗರ್ 480, ಲಿಮಿಟ್ 475 ಕೊಟ್ಟಿದ್ದರೆ? 150 ಷೇರು ಒಳ್ಳೆ ಬೆಲೆಗೆ ಹೋಗುತ್ತವೆ. ಉಳಿದ 350 ಷೇರು 475ರಲ್ಲಿ ಕಾಯುತ್ತಾ ಕೂರುತ್ತವೆ. ಬೆಲೆ 440ಕ್ಕೆ ಬಿದ್ದರೂ ಅವು ನಿಮ್ಮ ಹತ್ತಿರವೇ! ನನಗೆ ಇದು SL-Mಗಿಂತ ದೊಡ್ಡ ಅಪಾಯ ಅನ್ನಿಸುತ್ತದೆ, ಯಾಕಂದ್ರೆ ಸ್ಟಾಪ್‌ಲಾಸ್ ಇದೆಯಲ್ಲ ಅಂತ ನಾವು ಸ್ಕ್ರೀನ್ ಕಡೆ ನೋಡಿಯೇ ಇರಲ್ಲ.

ಆದರೆ ಕೊಳ್ಳುವವರು, ಮಾರುವವರು ವಿರಳವಾಗಿರುವ ಕಡೆ SL-M ಇನ್ನೂ ಕೆಟ್ಟದು. ನಿಗದಿತ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕನ್ನು ಕೊಡುವ ಒಪ್ಪಂದಗಳಾದ ಆಪ್ಷನ್‌ಗಳಲ್ಲಿ ಬೆಲೆ ಒಂದೇ ಕ್ಷಣ ಎಲ್ಲೋ ಹಾರಿ ವಾಪಸ್ ಬರುವ ಪ್ರಕರಣಗಳು ನಡೆದ ಮೇಲೆ, ಎನ್‌ಎಸ್‌ಇ 2021ರ ಸೆಪ್ಟೆಂಬರ್‌ನಲ್ಲಿ ಆಪ್ಷನ್‌ಗಳಿಗೆ SL-M ಅನ್ನೇ ನಿಲ್ಲಿಸಿತು.

ಹಾಗಾಗಿ ಆರ್ಡರ್ ಹಾಕುವ ಮೊದಲು, ಯಾವ ಬೆಲೆಗೆ ಎಷ್ಟು ಷೇರಿಗೆ ಕೊಳ್ಳುವವರಿದ್ದಾರೆ ಎಂದು ತೋರಿಸುವ ಮಾರ್ಕೆಟ್ ಡೆಪ್ತ್ ನೋಡಿ. ಮೊದಲ ಐದು ಬೆಲೆಗಳಲ್ಲಿ ಕೊಳ್ಳುವವರು ಕೇಳಿರುವ ಒಟ್ಟು ಷೇರುಗಳು ನಿಮ್ಮ ಷೇರುಗಳಿಗಿಂತ ಕಡಿಮೆಯಿದ್ದರೆ, ಅಥವಾ ಆ ಬೆಲೆಗಳ ನಡುವೆ ದೊಡ್ಡ ಅಂತರವಿದ್ದರೆ, ಟ್ರಿಗರ್‌ಗಿಂತ ತುಂಬಾ ಕೆಳಗೆ ಮಾರಾಟವಾಗುವ ಸಾಧ್ಯತೆ ಜಾಸ್ತಿ. ಅಂಥ ಷೇರಿಗೆ SL ಹಾಕುವುದಾದರೆ ಲಿಮಿಟ್ ಅನ್ನು ಟ್ರಿಗರ್‌ನಿಂದ ಸಾಕಷ್ಟು ಕೆಳಗಿಡಿ. ಷೇರು ಒಂದು ದಿನದಲ್ಲಿ ಬೀಳಬಹುದಾದ ಕೊನೆಯ ಮಿತಿಯಾದ ಲೋವರ್ ಸರ್ಕ್ಯೂಟ್‌ಗೆ ಬಿದ್ದು ಕೊಳ್ಳುವವರೇ ಇಲ್ಲದಿದ್ದರೆ ಮಾತ್ರ SL, SL-M ಎರಡೂ ಕೆಲಸ ಮಾಡುವುದಿಲ್ಲ.