ಅಕ್ರಮ ಬಂಧನ: ಅಂಗಡಿಯ ಬಾಗಿಲಲ್ಲಿ ತಡೆದಾಗ ಈ ಪದದ ಅರ್ಥ

‘ಬಂಧನ’ ಎಂದೊಡನೆ ಬೀಗ, ಸರಳು, ಕೋಣೆಗಳು ನೆನಪಾಗುತ್ತವೆ. ಇಂಗ್ಲೆಂಡಿನ ನ್ಯಾಯಪರಂಪರೆಯಿಂದ ಬಂದ ‘ಫಾಲ್ಸ್ ಇಂಪ್ರಿಸನ್‌ಮೆಂಟ್’ ಎಂಬ ಸಿವಿಲ್ ದಾವೆಗೆ ಇವು ಯಾವುವೂ ಬೇಕಿಲ್ಲ. ಕಾನೂನಿನ ಸಮರ್ಥನೆಯಿಲ್ಲದೆ ಒಬ್ಬನ ಚಲನೆಯನ್ನು ಎಲ್ಲ ದಿಕ್ಕಿನಲ್ಲೂ ತಡೆದರೆ, ಅದು ಕೆಲವೇ ನಿಮಿಷಗಳದ್ದಾದರೂ, ಅಕ್ರಮ ಬಂಧನವಾಗುತ್ತದೆ. ಕಳ್ಳತನದ ಶಂಕೆಯಿಂದ ಗ್ರಾಹಕನನ್ನು ನಿಲ್ಲಿಸುವ ಅಂಗಡಿಯ ಸೆಕ್ಯೂರಿಟಿಯವರ ಮೇಲೆ ಹೂಡುವ ದಾವೆಯಲ್ಲಿ ಚರ್ಚೆಯಾಗುವುದು ಮುಖ್ಯವಾಗಿ ಎರಡು ಪ್ರಶ್ನೆಗಳು: ಗ್ರಾಹಕ ನಿಜವಾಗಿಯೂ ಹೊರಟುಹೋಗುವ ಸ್ಥಿತಿಯಲ್ಲಿದ್ದನೇ, ಮತ್ತು ಅವನನ್ನು ತಡೆಯಲು ಅಂಗಡಿಗೆ ಹಕ್ಕಿತ್ತೇ.

ಈ ಎರಡೂ ಪ್ರಶ್ನೆಗಳನ್ನು ಸ್ಪಷ್ಟವಾಗಿ ತೋರಿಸುವುದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1971ರಲ್ಲಿ ತೀರ್ಮಾನಿಸಿದ ಕಾಬ್ಲಿನ್ ಮೊಕದ್ದಮೆ. ಎಪ್ಪತ್ತು ವರ್ಷದ ಗಿರಾಕಿಯೊಬ್ಬರು 1965ರಲ್ಲಿ ಬಾಸ್ಟನ್ನಿನ ಬಟ್ಟೆ ಅಂಗಡಿಯಲ್ಲಿ ಕೋಟು ತೊಟ್ಟುನೋಡುವಾಗ ತಮ್ಮ ಕೊರಳವಸ್ತ್ರವನ್ನು ಬಿಚ್ಚಿ ಜೇಬಿಗಿಟ್ಟುಕೊಂಡಿದ್ದರು. ಕೋಟಿಗೆ ಹಣ ಕೊಟ್ಟು, ಅದನ್ನು ಅಳತೆಗೆ ಸರಿಪಡಿಸಲು ಅಲ್ಲಿಯೇ ಬಿಟ್ಟು, ಬಾಗಿಲ ಬಳಿ ನಿಂತು ಆ ವಸ್ತ್ರವನ್ನು ಮತ್ತೆ ಕಟ್ಟಿಕೊಂಡು ಹೊರಗೆ ಕಾಲಿಟ್ಟಾಗ ನೌಕರನೊಬ್ಬ ಎದುರಿಗೆ ಬಂದು ನಿಂತ. ತಾನು ಯಾರೆಂದೂ ಹೇಳದೆ, ಅದು ಎಲ್ಲಿಂದ ಬಂತೆಂದು ಕೇಳಿ, ತೋಳು ಹಿಡಿದು, ಮ್ಯಾನೇಜರ್ ಬಳಿ ಹಿಂದಿರುಗುವುದು ಒಳ್ಳೆಯದೆಂದ. ಪಕ್ಕದಲ್ಲಿ ಇನ್ನೊಬ್ಬ ನೌಕರನಿದ್ದ, ಸುತ್ತ ಜನರು ನೋಡುತ್ತಿದ್ದರು. ಮೆಟ್ಟಿಲೇರುವಾಗ ವೃದ್ಧರಿಗೆ ಎದೆನೋವು ಬಂತು. ಮೇಲೆ, ಕೋಟು ಮಾರಿದ್ದ ನೌಕರನೇ ಅವರನ್ನು ಗುರುತಿಸಿ, ವಸ್ತ್ರ ಅವರದ್ದೇ ಎಂದು ದೃಢಪಡಿಸಿದ. ಮುಂದೆ ಅವರು ಹೃದಯಾಘಾತಕ್ಕೆ ಆಸ್ಪತ್ರೆ ಸೇರಬೇಕಾಯಿತು. ಜ್ಯೂರಿ 12,500 ಡಾಲರ್ ಪರಿಹಾರ ಕೊಟ್ಟಿತು.

‘ಅವರೇ ಬಂದರು, ನಾವು ಎಳೆದೊಯ್ಯಲಿಲ್ಲ’ ಎಂಬ ವಾದ ಇಂಥ ಪ್ರಕರಣಗಳಲ್ಲಿ ಸಾಮಾನ್ಯ. ಆದರೆ ಒಬ್ಬ ತೋಳು ಹಿಡಿದು ಎದುರು ನಿಂತಿರುವಾಗ, ಇನ್ನೊಬ್ಬ ಪಕ್ಕದಲ್ಲಿರುವಾಗ, ಆ ವಯಸ್ಸಿನ ವ್ಯಕ್ತಿ ಒಪ್ಪದೆ ಇನ್ನೇನು ಮಾಡಲು ಸಾಧ್ಯವಿತ್ತು ಎಂದು ನ್ಯಾಯಾಲಯ ನೋಡಿತು. ಇನ್ನು ಹಕ್ಕಿನ ಪ್ರಶ್ನೆ. ಆ ರಾಜ್ಯದಲ್ಲಿ ಸಮಂಜಸ ಕಾರಣವಿದ್ದರೆ, ಸಮಂಜಸ ರೀತಿಯಲ್ಲಿ, ಸಮಂಜಸ ಅವಧಿಗೆ ಗ್ರಾಹಕನನ್ನು ತಡೆಯಲು ಅಂಗಡಿಯವರಿಗೆ ಕಾನೂನಿನ ರಕ್ಷಣೆಯಿತ್ತು. ತನಗೆ ಪ್ರಾಮಾಣಿಕವಾಗಿ ಶಂಕೆ ಬಂದಿತ್ತು ಎಂಬುದಷ್ಟೇ ಆ ರಕ್ಷಣೆಗೆ ಸಾಲದು, ಎಚ್ಚರಿಕೆಯುಳ್ಳ ವಿವೇಕಿಗೂ ಅದೇ ಶಂಕೆ ಬರುವಂತಿರಬೇಕು ಎಂಬುದು ತೀರ್ಪಿನ ತಿರುಳು. ಜೇಬಿನಿಂದ ಬಟ್ಟೆ ಹೊರತೆಗೆದದ್ದು ಅಷ್ಟು ಬಲದ ಕಾರಣವಾಗಲಿಲ್ಲ.

ಭಾರತದಲ್ಲಿ ಅಂಗಡಿಯವರಿಗೆಂದೇ ಇಂಥ ರಕ್ಷಣೆ ಇಲ್ಲ. ಇಲ್ಲಿನ ಸೆಕ್ಯೂರಿಟಿಯವರು ಸಮವಸ್ತ್ರ ತೊಟ್ಟಿದ್ದರೂ ಕಾನೂನಿನ ಕಣ್ಣಿಗೆ ಖಾಸಗಿ ವ್ಯಕ್ತಿಗಳೇ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 43) ಖಾಸಗಿ ವ್ಯಕ್ತಿಗೆ ಬಂಧಿಸುವ ಅಧಿಕಾರ ಕೊಡುವುದು ಮುಖ್ಯವಾಗಿ ಒಂದೇ ಸಂದರ್ಭದಲ್ಲಿ: ಜಾಮೀನು ರಹಿತವೂ, ವಾರಂಟಿಲ್ಲದೆ ಪೊಲೀಸರು ಬಂಧಿಸಬಹುದಾದದ್ದೂ ಆದ ಅಪರಾಧ ತನ್ನ ಸಮ್ಮುಖದಲ್ಲಿಯೇ ನಡೆದಾಗ. ಅನಗತ್ಯ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ, ಬಂಧಿತನನ್ನು ಪೊಲೀಸರಿಗೆ ಒಪ್ಪಿಸಬೇಕು. ಶೋಧನೆ ನಡೆಸುವ ಅಧಿಕಾರ ಪೊಲೀಸರದ್ದು, ಬಂಧಿಸಿದ ಖಾಸಗಿಯವನದ್ದಲ್ಲ. ಹೀಗಾಗಿ ಬಾಗಿಲ ಯಂತ್ರ ಕೂಗಿತು ಎಂಬ ಒಂದೇ ಕಾರಣಕ್ಕೆ ಒಬ್ಬರನ್ನು ಒಳಕೋಣೆಯಲ್ಲಿ ಕೂರಿಸಿ ಚೀಲ ಸುರಿಸಿದರೆ, ಕಳ್ಳತನವನ್ನು ಯಾರೂ ಕಣ್ಣಾರೆ ಕಂಡಿಲ್ಲದ ಕಾರಣ, ಅಂಗಡಿಯವರು ಈ ಕಲಮಿನ ಆಸರೆ ಪಡೆಯುವುದು ಕಷ್ಟ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಮೊದಲ ಕಳ್ಳತನವನ್ನು ಹೊಸ ಭಾರತೀಯ ನ್ಯಾಯ ಸಂಹಿತೆ ಕೆಲವು ಷರತ್ತುಗಳೊಂದಿಗೆ ಜಾಮೀನು ಸಿಗುವ ಲಘು ಅಪರಾಧದ ಸಾಲಿಗೆ ಸೇರಿಸಿರುವುದರಿಂದ ಆ ಆಸರೆ ಇನ್ನಷ್ಟು ಕಿರಿದಾಗಬಹುದು. ಆದರೆ ಸರಕಿಟ್ಟ ಕಟ್ಟಡದಲ್ಲಿ ನಡೆದ ಕಳ್ಳತನಕ್ಕೆ ಪ್ರತ್ಯೇಕವಾದ 305ನೇ ಕಲಂ ಇರುವುದರಿಂದ ವಕೀಲರು ಇಲ್ಲಿ ಎರಡೂ ಕಡೆ ವಾದಿಸಬಲ್ಲರು.

ಅದೇ ನ್ಯಾಯ ಸಂಹಿತೆಯ 126 ಮತ್ತು 127ನೇ ಕಲಮುಗಳಡಿ ಇದೇ ಕೃತ್ಯ ಅಪರಾಧವೂ ಆಗಬಹುದು. ಹೋಗುವ ದಾರಿಗೆ ಅಡ್ಡಗಟ್ಟುವುದು ಮೊದಲನೆಯದು, ನಿರ್ದಿಷ್ಟ ಮಿತಿಯೊಳಗೆ ಕೂಡಿಹಾಕುವುದು ಎರಡನೆಯದು. ಎರಡನೆಯದಕ್ಕೆ ಒಂದು ವರ್ಷದವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. ಪರಿಹಾರದ ಸಿವಿಲ್ ದಾವೆ ಇದಕ್ಕಿಂತ ಬೇರೆ. ಅದರಲ್ಲಿ ತಾನು ತಡೆಯಲ್ಪಟ್ಟೆ ಎಂಬುದನ್ನು ಗ್ರಾಹಕ ತೋರಿಸಿದರೆ ಸಾಕು. ತಡೆಗೆ ಕಾನೂನಿನ ಸಮರ್ಥನೆಯಿತ್ತೆಂದು ತೋರಿಸುವ ಹೊಣೆ ಅಂಗಡಿಯದ್ದು. ಸ್ವಇಚ್ಛೆಯಿಂದ ಚೀಲ ತೋರಿಸಿ ಹೊರಟವರಿಗೆ ಈ ದಾವೆ ಇಲ್ಲ. ಹೊರಡಲು ಯತ್ನಿಸಿ ತಡೆಯಲ್ಪಟ್ಟವರ ವಾದ ಗಟ್ಟಿ. ಬಿಲ್ಲು, ಸಮಯ, ಕಂಡವರ ಹೆಸರುಗಳ ಜೊತೆ ಸಿ.ಸಿ. ಟಿವಿ ದೃಶ್ಯಗಳನ್ನು ಅಳಿಸದಂತೆ ಅಂಗಡಿಗೆ ಬೇಗ ಲಿಖಿತವಾಗಿ ಕೇಳುವುದು ಒಳ್ಳೆಯದು, ಏಕೆಂದರೆ ಹಳೆಯ ದೃಶ್ಯಗಳ ಮೇಲೆ ಹೊಸವು ದಾಖಲಾಗುತ್ತವೆ. ಕಾಲಮಿತಿ ಕಾಯಿದೆಯ 73ನೇ ಬಾಬಿನಂತೆ, ಈ ದಾವೆಯನ್ನು ಬಂಧನ ಮುಗಿದ ದಿನದಿಂದ ಒಂದು ವರ್ಷದೊಳಗೆ ಹೂಡಬೇಕು.